ಪರದೆಯ ಮೇಲೆ 3.8 ಹರ್ಟ್ಸ್, ಶಾಫ್ಟ್‌ನಲ್ಲಿ 28.8: ಸರಣಿ ಕೆಪಾಸಿಟರ್ ಲೈನಿನಲ್ಲಿ ಎಸ್‌ಎಸ್‌ಆರ್ ಪತ್ತೆ ಹಚ್ಚುವ ಬಗೆ

ಉದ್ದನೆಯ 400 ಕೆವಿ ಲೈನಿನ ತುದಿಯಲ್ಲಿ ಒಂಟಿಯಾಗಿ ಉಳಿದಿದ್ದ ಉಷ್ಣ ವಿದ್ಯುತ್ ಘಟಕವೊಂದನ್ನು ಪಾಳಿಯ ಎಂಜಿನಿಯರ್ ಕೈಯಾರೆ ಬೇರ್ಪಡಿಸಿದ್ದಾರೆ. ಯಾವ ರಿಲೇಯೂ ಟ್ರಿಪ್ ಕೊಟ್ಟಿಲ್ಲ, ಬೇರಿಂಗ್ ಕಂಪನದ ಮೀಟರುಗಳೆಲ್ಲ ಸಹಜವಾಗಿವೆ. ಘಟಕವನ್ನು ಮತ್ತೆ ಗ್ರಿಡ್‌ಗೆ ಸೇರಿಸಬಹುದೇ ಎಂದು ಎಲ್ಲ ಕಡೆಯಿಂದ ಫೋನ್ ಬರುತ್ತಿದೆ. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನಬೇಕಾದವರಿಗಾಗಿ ಈ ಕೈಪಿಡಿ. ಎಸ್‌ಎಸ್‌ಆರ್ ಎಂದರೆ ಸಬ್‌ಸಿಂಕ್ರೊನಸ್ ಅನುರಣನ: ಸರಣಿ ಕೆಪಾಸಿಟರ್ ಇರುವ ಲೈನೂ ಟರ್ಬೈನ್ ಶಾಫ್ಟೂ 50 ಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಯಲ್ಲಿ ಒಂದನ್ನೊಂದು ಅಲುಗಿಸುತ್ತಾ ಬೆಳೆಸುವ ತೂಗಾಟ.

ಕಲಬುರಗಿ, ಯಾದಗಿರಿ, ಬೀದರ್ ಭಾಗದ ಉಪಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಈ ವಿಷಯ ದೂರದ್ದಲ್ಲ. ನಮ್ಮ ದಕ್ಷಿಣಕ್ಕೆ ಕೃಷ್ಣೆಯ ದಡದಲ್ಲಿ ಶಕ್ತಿನಗರದ ಘಟಕಗಳಿವೆ, ಅದರ ಆಚೆ ಯರಮರಸ್, ಪಶ್ಚಿಮಕ್ಕೆ ಕೂಡಗಿ. ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಸಮಕಾಲಿಕವಾಗಿ ಸೇರಿದ್ದೇ 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ. ದೊಡ್ಡ ಟರ್ಬೈನುಗಳೂ ಉದ್ದನೆಯ ಲೈನುಗಳೂ ಹೀಗೆ ಒಂದೇ ಬಯಲಿನಲ್ಲಿ ಇರುವಾಗ, ಲೈನಿಗೆ ಸರಣಿ ಕೆಪಾಸಿಟರ್ ಹಾಕುವ ಯೋಚನೆ ಬಂದ ದಿನವೇ ಶಾಫ್ಟ್‌ನ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಕೆಳಗಿನ ಪ್ರಕರಣ ಮಾತ್ರ ಇವುಗಳಲ್ಲಿ ಯಾವ ಕೇಂದ್ರದ್ದೂ ಅಲ್ಲ. ಹೊಸದಾಗಿ ಸೇರಿದ ರಕ್ಷಣಾ ಎಂಜಿನಿಯರುಗಳ ಅಭ್ಯಾಸಕ್ಕೆಂದು ನಾನು ಕಟ್ಟಿದ್ದು. ಅಂಕಿಗಳು ಈ ಗಾತ್ರದ ಯಂತ್ರಕ್ಕೂ ಲೈನಿಗೂ ಸಹಜವಾದವು.

## ಪ್ರಕರಣ

ಕೇಂದ್ರದಲ್ಲಿ ಓಡುತ್ತಿರುವುದು 500 ಮೆಗಾವಾಟಿನ ಒಂದು ಘಟಕ. ಅಲ್ಲಿಂದ ಉತ್ತರಕ್ಕೆ 300 ಕಿ.ಮೀ. ಉದ್ದದ ಎರಡು ಸರ್ಕ್ಯೂಟ್‌ಗಳು ಹೊರಡುತ್ತವೆ. ಪ್ರತಿಯೊಂದರಲ್ಲೂ ಶೇ 40ರಷ್ಟು ಸ್ಥಿರ ಸರಣಿ ಕೆಪಾಸಿಟರ್ ಇದೆ. ಇವಲ್ಲದೆ ಕೆಪಾಸಿಟರ್ ಇಲ್ಲದ ಎರಡು ಗಿಡ್ಡ ಲೈನುಗಳು ಪಕ್ಕದ ಉಪಕೇಂದ್ರಕ್ಕೆ ಹೋಗುತ್ತವೆ.

ಮೇ ತಿಂಗಳ ಒಂದು ಸಂಜೆ. ಗಿಡ್ಡ ಲೈನುಗಳಲ್ಲಿ ಒಂದು ದುರಸ್ತಿಯಲ್ಲಿದೆ, ಇನ್ನೊಂದು ಸಿಡಿಲಿಗೆ ಬಿದ್ದಿದೆ. ಕೆಲವು ನಿಮಿಷಗಳಲ್ಲಿ ಉದ್ದನೆಯ ಸರ್ಕ್ಯೂಟ್‌ಗಳಲ್ಲೂ ಒಂದು ಹೋಗುತ್ತದೆ. ಘಟಕ 260 ಮೆಗಾವಾಟ್ ಹೊತ್ತು, ಕೆಪಾಸಿಟರ್ ಇರುವ ಒಂದೇ ಲೈನಿಗೆ ಜೋತುಬಿದ್ದಿದೆ. ಲೈನಿನ ಕರೆಂಟ್ ಸುಮಾರು 375 ಆಂಪಿಯರ್, ಅಂದರೆ ಯಾರೂ ಹುಬ್ಬೇರಿಸದಷ್ಟು.

ಒಂದು ನಿಮಿಷದೊಳಗೆ ಲೋಡ್ ಡೆಸ್ಪ್ಯಾಚ್ ಕೇಂದ್ರದಿಂದ ಫೋನ್: "ಸರ್, ನಿಮ್ಮ ಘಟಕದ ಪಿಎಂಯುದಲ್ಲಿ 3.8 ಹರ್ಟ್ಸ್ ತೂಗಾಟ ಕಾಣುತ್ತಿದೆ, ಬೆಳೆಯುತ್ತಿದೆ. ಪಿಎಸ್‌ಎಸ್ ಚಾಲೂ ಇದೆಯೇ ನೋಡಿ."

"ಪಿಎಸ್‌ಎಸ್ ಚಾಲೂ ಇದೆ ಸರ್. ಆದರೆ ಇಲ್ಲಿ ಪ್ಯಾನೆಲ್ ದೀಪಗಳು ಮಿಣುಕುತ್ತಿವೆ, ನೆಗೆಟಿವ್ ಸೀಕ್ವೆನ್ಸ್ ಅಲಾರಂ ಕೂಡ ಬಂತು."

ಪಿಎಸ್‌ಎಸ್ ಎಂದರೆ ಎಕ್ಸೈಟೇಷನ್ ಮೂಲಕ ನಿಧಾನದ ತೂಗಾಟಗಳನ್ನು ತಗ್ಗಿಸುವ ನಿಯಂತ್ರಕ. ಅಷ್ಟರಲ್ಲಿ ಯಾರೋ ಅದರ ಗೇನ್ ಹೆಚ್ಚಿಸಲು ಸೂಚಿಸುತ್ತಾರೆ, ಇನ್ನೊಬ್ಬರು ಅದನ್ನು ಆರಿಸಿಬಿಡಿ ಎನ್ನುತ್ತಾರೆ. ಎರಡರಿಂದಲೂ ಏನೂ ಬದಲಾಗುವುದಿಲ್ಲ. ಸುಮಾರು 110ನೇ ಸೆಕೆಂಡಿನಲ್ಲಿ ಪಾಳಿಯ ಎಂಜಿನಿಯರ್ ಹೈವೋಲ್ಟೇಜ್ ಬ್ರೇಕರ್ ತೆರೆಯುತ್ತಾರೆ. ಅದು ಸರಿಯಾದ ನಿರ್ಧಾರ. ಕಾರಣ ಗೊತ್ತಿಲ್ಲದೆ ತೆಗೆದುಕೊಂಡದ್ದರಿಂದ ಅದರ ಬೆಲೆಯೇನೂ ಕಡಿಮೆಯಾಗುವುದಿಲ್ಲ.

## ಮೊದಲ ಹೆಜ್ಜೆ: 3.8 ಅನ್ನು ನಂಬಬೇಡಿ

ತನಿಖೆ ದಾರಿ ತಪ್ಪುವುದು ಇಲ್ಲಿಯೇ. 3.8 ಹರ್ಟ್ಸ್ ಎಂದ ಕೂಡಲೇ ಮನಸ್ಸು ಎಕ್ಸೈಟರ್, ಎವಿಆರ್, ಪಿಎಸ್‌ಎಸ್‌ಗಳ ಕಡೆಗೆ ಓಡುತ್ತದೆ. ನಿಯಂತ್ರಣ ವ್ಯವಸ್ಥೆಯ ತೂಗಾಟಗಳು ಆ ಸುತ್ತಮುತ್ತಲಿನ ಆವೃತ್ತಿಯಲ್ಲಿ ಬರುವುದುಂಟು. ಆದರೆ ವೋಲ್ಟೇಜ್, ಕರೆಂಟ್‌ಗಳನ್ನು ಅಳೆದು ಡೆಸ್ಪ್ಯಾಚ್ ಕೇಂದ್ರಕ್ಕೆ ಕಳುಹಿಸುವ ಈ ಪಿಎಂಯು ಸೆಕೆಂಡಿಗೆ 25 ಬಾರಿ ಮಾತ್ರ ವರದಿ ಮಾಡುತ್ತದೆ. ಹಾಗಾಗಿ 12.5 ಹರ್ಟ್ಸ್‌ಗಿಂತ ವೇಗವಾದ ಯಾವ ತೂಗಾಟವನ್ನೂ ಅದು ಇದ್ದಂತೆ ತೋರಿಸಲಾರದು. ವೇಗದ ತೂಗಾಟ ಮಡಚಿಕೊಂಡು ನಿಧಾನದ ತೂಗಾಟದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಪರದೆಯ ಮೇಲಿನ 3.8 ನಿಜವಾಗಿಯೂ 3.8 ಇರಬಹುದು, 25ರಿಂದ 3.8 ಕಳೆದ 21.2 ಇರಬಹುದು, 25ಕ್ಕೆ 3.8 ಕೂಡಿಸಿದ 28.8 ಕೂಡ ಇರಬಹುದು. ಪಿಎಂಯುವಿನ ಫಿಲ್ಟರ್ ಇವುಗಳನ್ನು ಪೂರ್ತಿ ತಡೆಯುತ್ತದೆ ಎಂದು ಭಾವಿಸಬೇಡಿ. ಶೀಘ್ರ ಪ್ರತಿಕ್ರಿಯೆಗೆಂದು ಹೊಂದಿಸಿದ ಪಿ ವರ್ಗದ ಪಿಎಂಯುಗಳಲ್ಲಿ ಎರಡು ಆವರ್ತದ ತ್ರಿಕೋನ ಫಿಲ್ಟರ್ ಇದ್ದರೆ, 28.8 ಹರ್ಟ್ಸ್‌ನ ತೂಗಾಟ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆಯಾಗಿ ಒಳಗೆ ಬಂದೇ ಬರುತ್ತದೆ. ಪರದೆಯಲ್ಲಿ ಆವೃತ್ತಿಯೂ ಸುಳ್ಳು, ಗಾತ್ರವೂ ಸುಳ್ಳು.

ನಿಜ ಯಾವುದೆಂದು ತಿಳಿಯಲು ಡಿಸ್ಟರ್ಬೆನ್ಸ್ ರೆಕಾರ್ಡರಿನ ಕಚ್ಚಾ ತರಂಗ ಬೇಕು. ಸೆಕೆಂಡಿಗೆ ಕನಿಷ್ಠ 1000 ಮಾದರಿ ತೆಗೆದ ಕರೆಂಟ್ ಚಾನೆಲ್ ಸಾಕು. ಆರ್‌ಎಂಎಸ್ ಚಾನೆಲ್ ಬೇಡ, ರಿಲೇಯ ಒಳಗೆ ಫಿಲ್ಟರ್ ಆದ ಅಂಕಿಗಳೂ ಬೇಡ. ದೂರ ರಕ್ಷಣೆಯ ರಿಲೇಗಳು 50 ಹರ್ಟ್ಸ್ ಒಂದನ್ನೇ ಹೆಕ್ಕಿಕೊಳ್ಳುವಂತೆ ರೂಪುಗೊಂಡಿವೆ. ಈ ದೋಷದ ಹೊತ್ತಿನಲ್ಲಿ ಅವು ಮೌನವಾಗಿರುವುದು ಸಹಜ, ಆ ಮೌನ ಯಾವುದಕ್ಕೂ ಸಾಕ್ಷಿಯಲ್ಲ. ವೋಲ್ಟೇಜ್ ನೋಡಬೇಕಾದರೆ ಜನರೇಟರ್ ತುದಿಯ ಪಿಟಿಯಿಂದ ನೋಡಿ. ಲೈನಿನ ಸಿವಿಟಿ 50 ಹರ್ಟ್ಸ್‌ಗೆ ಶ್ರುತಿಯಾದ ಸಾಧನ. 21 ಹರ್ಟ್ಸ್‌ನಲ್ಲಿ ಅದು ಹೇಳುವುದನ್ನು ಪುರಾವೆಯಾಗಿ ಹಿಡಿಯಲಾಗದು.

ಕಚ್ಚಾ ತರಂಗದ ಅರ್ಧ ಸೆಕೆಂಡನ್ನು ದೊಡ್ಡದು ಮಾಡಿ ಕಣ್ಣಿನಿಂದಲೇ ನೋಡಿ. ತೂಗಾಟ ನಿಜಕ್ಕೂ 3.8 ಹರ್ಟ್ಸ್ ಆಗಿದ್ದರೆ ಶಿಖರಗಳು ನಿಧಾನವಾಗಿ ಏರಿ, ನಿಧಾನವಾಗಿ ಇಳಿದು, ಸುಮಾರು 13 ಆವರ್ತಗಳಿಗೆ ಒಮ್ಮೆ ಅದೇ ಎತ್ತರಕ್ಕೆ ಬರುತ್ತವೆ. ನಮ್ಮ ಪ್ರಕರಣದಲ್ಲಿ ಹಾಗಿಲ್ಲ. ಒಂದು ಶಿಖರ ಎತ್ತರ, ಪಕ್ಕದ್ದು ಗಿಡ್ಡ, ಮುಂದಿನದು ಮತ್ತೆ ಎತ್ತರ, ಹಲ್ಲು ಮುರಿದ ಬಾಚಣಿಗೆಯ ಹಾಗೆ. ಎರಡು ಆವರ್ತಗಳೂ ತುಂಬುವ ಮೊದಲೇ ಏರಿಳಿತ ಮುಗಿಯುತ್ತಿದೆ. ಇದನ್ನು ಕಂಡ ಮೇಲೆ ಪಿಎಸ್‌ಎಸ್ ಕಡತವನ್ನು ಮುಚ್ಚಿಡಬಹುದು.

ನಂತರ ಎಫ್‌ಎಫ್‌ಟಿ. ನಿಯಂತ್ರಣದ ತೂಗಾಟವಾಗಿದ್ದರೆ 50ರ ಅಕ್ಕಪಕ್ಕದಲ್ಲಿ 46.2 ಮತ್ತು 53.8 ಹರ್ಟ್ಸ್‌ನ ಗೆರೆಗಳು ಕಾಣಬೇಕು. ಇಲ್ಲಿ ಕಂಡದ್ದು 21ರ ಬಳಿ ದೊಡ್ಡ ಗೆರೆ, 79ರ ಬಳಿ ಸಣ್ಣ ಗೆರೆ. ಎರಡೂ 50ರಿಂದ ಸುಮಾರು 28.8ರಷ್ಟು ದೂರದಲ್ಲಿವೆ.

## ಆ 28.8 ಎಲ್ಲಿಂದ ಬಂತು

ಟರ್ಬೈನ್-ಜನರೇಟರ್ ಶಾಫ್ಟ್ ಒಂದೇ ಗಟ್ಟಿ ಸಲಾಕೆಯಲ್ಲ. ನಮ್ಮ ಘಟಕದಲ್ಲಿ ಎಚ್‌ಪಿ, ಐಪಿ, ಎಲ್‌ಪಿ ಟರ್ಬೈನುಗಳು ಮತ್ತು ಜನರೇಟರ್ ರೋಟರ್, ಹೀಗೆ ನಾಲ್ಕು ಭಾರವಾದ ತುಂಡುಗಳು ಉಕ್ಕಿನ ಶಾಫ್ಟ್‌ನಿಂದ ಜೋಡಣೆಯಾಗಿವೆ. ಅವು ಒಂದಕ್ಕೊಂದು ವಿರುದ್ಧವಾಗಿ ತುಸು ತಿರುಚಿಕೊಂಡು ಕಂಪಿಸಬಲ್ಲವು. ನಾಲ್ಕು ತುಂಡುಗಳಿಗೆ ಮೂರು ತಿರುಚು ಆವೃತ್ತಿಗಳು. ತಯಾರಕರ ಹಾಳೆಯಲ್ಲಿ ಇವು 15.6, 24.1 ಮತ್ತು 28.8 ಹರ್ಟ್ಸ್ ಎಂದಿವೆ. ಈ ಹಾಳೆ ಕೇಂದ್ರದ ಕಡತದಲ್ಲಿ ಇರುತ್ತದೆ, ಉಪಕೇಂದ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲೈನಿನವರಿಗೆ ಯಂತ್ರ ಗೊತ್ತಿಲ್ಲ, ಯಂತ್ರದವರಿಗೆ ಲೈನು ಗೊತ್ತಿಲ್ಲ. ಈ ದೋಷ ಆ ಬಿರುಕಿನಲ್ಲೇ ಬೆಳೆಯುತ್ತದೆ.

ಇನ್ನು ಲೈನಿನ ಕಡೆ. ಸರಣಿ ಕೆಪಾಸಿಟರ್ ಹಾಕುವುದು ಲೈನಿನ ರಿಯಾಕ್ಟೆನ್ಸ್‌ನ ಒಂದು ಭಾಗವನ್ನು ರದ್ದು ಮಾಡಲು. ಅದರಿಂದ ಅದೇ ಲೈನು ಹೆಚ್ಚು ಶಕ್ತಿಯನ್ನು ಸ್ಥಿರವಾಗಿ ಸಾಗಿಸುತ್ತದೆ. ಆದರೆ ಇಂಡಕ್ಟೆನ್ಸ್ ಜೊತೆ ಕೆಪಾಸಿಟೆನ್ಸ್ ಸರಣಿಯಲ್ಲಿ ಸೇರಿದ ಮೇಲೆ ಅದಕ್ಕೊಂದು ಸ್ವಂತ ಅನುರಣನ ಆವೃತ್ತಿ ಹುಟ್ಟುತ್ತದೆ. ಲೈನನ್ನು ಪೂರ್ತಿಯಾಗಿ ರದ್ದು ಮಾಡದಿರುವವರೆಗೂ ಅದು 50 ಹರ್ಟ್ಸ್‌ಗಿಂತ ಕೆಳಗೇ ಇರುತ್ತದೆ.

```
fe = f0 × √(Xc / ΣX)
fm = f0 − fe
```

`f0` ಗ್ರಿಡ್‌ನ 50 ಹರ್ಟ್ಸ್, `Xc` ಕೆಪಾಸಿಟರಿನ ರಿಯಾಕ್ಟೆನ್ಸ್, `ΣX` ಜನರೇಟರಿನಿಂದ ಆಚೆ ತುದಿಯ ಗ್ರಿಡ್‌ವರೆಗಿನ ಇಂಡಕ್ಟಿವ್ ರಿಯಾಕ್ಟೆನ್ಸ್‌ಗಳ ಮೊತ್ತ. `fe` ಲೈನಿನ ಅನುರಣನ ಆವೃತ್ತಿ. `fm` ಅದು ರೋಟರಿಗೆ ತಲುಪುವ ಹೊತ್ತಿಗೆ ಆಗುವ ಆವೃತ್ತಿ. ಸ್ಟೇಟರ್‌ನಲ್ಲಿ 21 ಹರ್ಟ್ಸ್ ಕರೆಂಟ್ ಹರಿದರೆ ಅದರ ಕಾಂತಕ್ಷೇತ್ರ ಸೆಕೆಂಡಿಗೆ 21 ಸುತ್ತು ತಿರುಗುತ್ತದೆ. ರೋಟರ್ ತಿರುಗುವುದು 50 ಸುತ್ತು. ವ್ಯತ್ಯಾಸವಾದ 29 ಹರ್ಟ್ಸ್‌ನಲ್ಲಿ ರೋಟರಿಗೆ ಹಿಂದೆ-ಮುಂದೆ ಟಾರ್ಕ್ ಬೀಳುತ್ತದೆ. ಹಾಗಾಗಿ ಕರೆಂಟಿನ ಆವೃತ್ತಿಯನ್ನು ನೇರವಾಗಿ ಶಾಫ್ಟ್‌ನ ಹಾಳೆಗೆ ಹೋಲಿಸಬಾರದು, 50ರಿಂದ ಕಳೆದೇ ಹೋಲಿಸಬೇಕು. ಕಳೆಯದೆ ಹೋಲಿಸಿ "21ರ ಹತ್ತಿರ ಶಾಫ್ಟ್‌ಗೆ ಯಾವ ಆವೃತ್ತಿಯೂ ಇಲ್ಲ" ಎಂದು ಕಡತ ಮುಚ್ಚುವುದು ಸುಲಭ.

ಈಗ ನಮ್ಮ ಅಂಕಿಗಳನ್ನು ಹಾಕೋಣ, ಎಲ್ಲವನ್ನೂ 400 ಕೆವಿ ಬದಿಯ ಓಮ್‌ಗಳಲ್ಲಿ. ಜನರೇಟರ್ 588 ಎಂವಿಎ, ಸಬ್‌ಟ್ರಾನ್ಸಿಯೆಂಟ್ ರಿಯಾಕ್ಟೆನ್ಸ್ ಶೇ 22, ಅಂದರೆ 60 ಓಮ್. ಟ್ರಾನ್ಸ್‌ಫಾರ್ಮರ್ 37 ಓಮ್. ಲೈನು ಕಿ.ಮೀ.ಗೆ ಸುಮಾರು 0.33 ಓಮ್‌ನಂತೆ 100 ಓಮ್. ಆಚೆ ತುದಿಯ ಗ್ರಿಡ್ 20 ಓಮ್. ಒಟ್ಟು 217. ಕೆಪಾಸಿಟರ್ 40 ಓಮ್.

ಒಂದೇ ಸರ್ಕ್ಯೂಟ್ ಉಳಿದಾಗ `fe` 21.5 ಹರ್ಟ್ಸ್, `fm` 28.5 ಹರ್ಟ್ಸ್. ಶಾಫ್ಟ್‌ನ 28.8ಕ್ಕೆ ಬರೀ 0.3 ಹರ್ಟ್ಸ್ ದೂರ.

ಎರಡೂ ಉದ್ದ ಸರ್ಕ್ಯೂಟ್‌ಗಳು ಇದ್ದಾಗ ಏನಾಗುತ್ತಿತ್ತು? ಲೈನು 50 ಓಮ್, ಕೆಪಾಸಿಟರ್ 20 ಓಮ್, ಆದರೆ ಜನರೇಟರ್ ಮತ್ತು ಟ್ರಾನ್ಸ್‌ಫಾರ್ಮರ್ ಹಾಗೆಯೇ ಉಳಿಯುತ್ತವೆ. ಒಟ್ಟು 167. `fe` 17.3, `fm` 32.7. ಶಾಫ್ಟ್‌ನ ಯಾವ ಆವೃತ್ತಿಗೂ ಅದು ತಾಗುವುದಿಲ್ಲ. ಗಿಡ್ಡ ಲೈನುಗಳೂ ಸೇರಿದ್ದರೆ ಯಂತ್ರದ ಕರೆಂಟಿಗೆ ಬೇರೆ ದಾರಿಗಳಿದ್ದು ಅನುರಣನ ಇನ್ನೂ ಮಂಕಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಲೈನು ಒಂದು ಸಂಜೆ ಶಾಫ್ಟ್‌ನ ಮೈಮೇಲೆ ಬೀಳುವುದು ಹೀಗೆ. ಇಷ್ಟು ದಿನ ಏನೂ ಆಗಿಲ್ಲ ಎಂಬುದು ಬೇರೆ ಜೋಡಣೆಯ ಬಗ್ಗೆ ಹೇಳುವ ಮಾತು, ಈಗಿನ ಜೋಡಣೆಯ ಬಗ್ಗೆ ಅಲ್ಲ.

ಈ ಲೆಕ್ಕದ ಮಿತಿಯನ್ನೂ ಹೇಳಬೇಕು. ಜನರೇಟರಿನ ರಿಯಾಕ್ಟೆನ್ಸ್ ಶೇ 22ರ ಬದಲು 20 ಎಂದಿಟ್ಟರೆ `fm` 28.3ಕ್ಕೆ ಸರಿಯುತ್ತದೆ. ಆಚೆ ತುದಿಯಲ್ಲಿ ಎಷ್ಟು ಘಟಕಗಳು ಓಡುತ್ತಿವೆ ಎಂಬುದರ ಮೇಲೆ ಆ 20 ಓಮ್ ಕೂಡ ಬದಲಾಗುತ್ತದೆ. ಲೈನಿನ ಅನುರಣನ ಚೂಪಾದ ಗೆರೆಯೂ ಅಲ್ಲ. ಒಟ್ಟು ರೋಧ 12 ಓಮ್ ಎಂದುಕೊಂಡರೆ ಅದರ ಹರವು ಎರಡೂ ಕಡೆ ಸುಮಾರು 1.4 ಹರ್ಟ್ಸ್. ಆದ್ದರಿಂದ ಕಾಗದದ ಲೆಕ್ಕದಲ್ಲಿ ಅಂತರ 2 ಹರ್ಟ್ಸ್‌ನ ಒಳಗಿದ್ದರೆ ನಾನು ಆ ಜೋಡಣೆಯನ್ನು ಶಂಕಿಸುತ್ತೇನೆ. ಕಾಗದದಿಂದ ಶಂಕೆಯಷ್ಟೇ ಸಾಧ್ಯ, ತೀರ್ಪು ರೆಕಾರ್ಡಿನಿಂದ ಬರಬೇಕು.

## ಲೈನೋ, ಶಾಫ್ಟೋ: ಬೇರ್ಪಡಿಸುವ ಪರೀಕ್ಷೆ

ಇಲ್ಲಿಯವರೆಗೆ ಸಿಕ್ಕಿರುವುದು, ಕರೆಂಟಿನಲ್ಲಿ 21 ಹರ್ಟ್ಸ್ ಸುತ್ತಮುತ್ತ ಏನೋ ಇದೆ ಎಂಬುದಷ್ಟೇ. ಸರಣಿ ಕೆಪಾಸಿಟರ್ ಇರುವ ಯಾವ ಲೈನಿನಲ್ಲೂ, ಬ್ರೇಕರ್ ಹಾಕಿದಾಗ ಅಥವಾ ತೆಗೆದಾಗ, ಇಂಥ ಕರೆಂಟ್ ಒಮ್ಮೆ ತಲೆ ಎತ್ತುತ್ತದೆ. ಅದು ರೋಗವಲ್ಲ. ನಮ್ಮ ಲೈನಿನಲ್ಲಿ 12 ಓಮ್ ರೋಧಕ್ಕೆ ಅದು ಸುಮಾರು ಹತ್ತನೇ ಒಂದು ಸೆಕೆಂಡಿನಲ್ಲಿ ಮೂರನೇ ಒಂದಕ್ಕೆ ಇಳಿಯಬೇಕು, ಅರ್ಧ ಸೆಕೆಂಡಿನಲ್ಲಿ ಕಾಣೆಯಾಗಬೇಕು. ರೆಕಾರ್ಡ್‌ನಲ್ಲಿ ಹಾಗಾಗಿದ್ದರೆ ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಹಾಗಾಗಿಲ್ಲ. ಒಂಟಿಯಾದ ಹೊತ್ತಿನ ಮೊದಲ ನೆಗೆತ ಅಡಗಿದ ಮೇಲೆ ಈ ಭಾಗ 3 ಆಂಪಿಯರ್ ಇತ್ತು. ಒಂದು ನಿಮಿಷಕ್ಕೆ 24, ಬ್ರೇಕರ್ ತೆರೆಯುವಾಗ 136. ಅಂದರೆ 20 ಸೆಕೆಂಡಿಗೊಮ್ಮೆ ದುಪ್ಪಟ್ಟು. ಹೊರಗಿನಿಂದ ಯಾರೂ ಕುಲುಕದೆ ತಾನಾಗಿ, ಒಂದೇ ಪ್ರಮಾಣದಲ್ಲಿ ಬೆಳೆಯುತ್ತಿದೆ ಎಂದರೆ ಎಲ್ಲೋ ಒಂದು ಕಡೆ ಋಣ ಡ್ಯಾಂಪಿಂಗ್ ಇದೆ.

ಋಣ ಡ್ಯಾಂಪಿಂಗ್ ಎರಡು ಬಗೆಯಲ್ಲಿ ಬರಬಹುದು. ಮೊದಲನೆಯದು ಶುದ್ಧ ವಿದ್ಯುತ್ತಿನದು. 21.5 ಹರ್ಟ್ಸ್‌ನ ಕ್ಷೇತ್ರಕ್ಕಿಂತ ರೋಟರ್ ವೇಗವಾಗಿ ತಿರುಗುವುದರಿಂದ, ಆ ಕರೆಂಟಿನ ಕಣ್ಣಿಗೆ ಯಂತ್ರ ಇಂಡಕ್ಷನ್ ಜನರೇಟರ್ ಆಗಿ ಕಾಣುತ್ತದೆ. ಅದರ ರೋಧ ಋಣವಾಗುತ್ತದೆ. ನಮ್ಮ ಲೆಕ್ಕದಲ್ಲಿ ಸ್ಲಿಪ್ −1.33. ರೋಟರಿನ ರೋಧ 5.4 ಓಮ್ ಎಂದರೆ ಅದು −4 ಓಮ್ ಆಗಿ ಎದುರಾಗುತ್ತದೆ. ಸರ್ಕ್ಯೂಟಿನ 12 ಓಮ್ ಅದನ್ನು ನುಂಗಿ ಇನ್ನೂ 8 ಓಮ್ ಉಳಿಯುತ್ತದೆ. ಇದೊಂದರಿಂದಲೇ ತೂಗಾಟ ಬೆಳೆಯಲಾರದು.

ಎರಡನೆಯದರಲ್ಲಿ ಶಾಫ್ಟ್ ಭಾಗಿ. ಶಾಫ್ಟ್ 28.8ರಲ್ಲಿ ತಿರುಚಿಕೊಂಡರೆ ರೋಟರಿನ ವೇಗ ಅಷ್ಟೇ ಆವೃತ್ತಿಯಲ್ಲಿ ಅಲುಗುತ್ತದೆ, ಸ್ಟೇಟರ್‌ನಲ್ಲಿ 21.2 ಹರ್ಟ್ಸ್ ವೋಲ್ಟೇಜ್ ಹುಟ್ಟುತ್ತದೆ. ಲೈನು ಆ ಆವೃತ್ತಿಗೆ ಬಾಗಿಲು ತೆರೆದುಕೊಂಡಿರುವುದರಿಂದ ದೊಡ್ಡ ಕರೆಂಟ್ ಹರಿಯುತ್ತದೆ, ಆ ಕರೆಂಟ್ ಮತ್ತೆ 28.8ರಲ್ಲಿ ಶಾಫ್ಟನ್ನು ತಿರುಚುತ್ತದೆ. ಉಕ್ಕಿನ ಸ್ವಂತ ಡ್ಯಾಂಪಿಂಗ್ ಬಹಳ ಕಡಿಮೆ. ಹಬೆಯ ಹರಿವು ಅದಕ್ಕೆ ಸ್ವಲ್ಪ ಸೇರಿಸುತ್ತದೆ, ಅದೂ ಲೋಡ್ ಇದ್ದಷ್ಟು. ಹಾಗಾಗಿ ಕಡಿಮೆ ಲೋಡಿನಲ್ಲಿ ಓಡುವ ಘಟಕವೇ ಹೆಚ್ಚು ಅಪಾಯದಲ್ಲಿರುತ್ತದೆ. 260 ಮೆಗಾವಾಟ್ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಎರಡನ್ನೂ ಬೇರ್ಪಡಿಸುವ ಸುಳಿವು ಆವೃತ್ತಿಯ ನಿಖರ ಅಂಕಿಯಲ್ಲಿದೆ. ಬರೀ ಲೈನಿನದಾಗಿದ್ದರೆ ಕರೆಂಟ್ ಲೈನಿನ ಸ್ವಂತ ಆವೃತ್ತಿಯಾದ 21.5ರ ಬಳಿ ಇರಬೇಕು. ಶಾಫ್ಟ್ ಹಿಡಿದುಕೊಂಡಿದ್ದರೆ ಅದು ಗ್ರಿಡ್ ಆವೃತ್ತಿಯಿಂದ 28.8 ಕಳೆದಷ್ಟಕ್ಕೆ ಕೀಲಿಸಿದಂತೆ ನಿಲ್ಲುತ್ತದೆ. ಈ ವ್ಯತ್ಯಾಸ ಕಾಣಬೇಕಾದರೆ ಎಫ್‌ಎಫ್‌ಟಿಗೆ ಉದ್ದನೆಯ ಕಿಟಕಿ ಬೇಕು. 2 ಸೆಕೆಂಡಿನ ರೆಕಾರ್ಡಿನಲ್ಲಿ ಗೆರೆಗಳ ಅಂತರವೇ 0.5 ಹರ್ಟ್ಸ್, 21.2 ಮತ್ತು 21.5 ಒಂದರಲ್ಲೊಂದು ಕರಗಿಹೋಗುತ್ತವೆ. 10 ಸೆಕೆಂಡ್ ಇದ್ದರೆ 0.1 ಹರ್ಟ್ಸ್ ಸಿಗುತ್ತದೆ. ಗ್ರಿಡ್‌ನ ಆವೃತ್ತಿಯನ್ನು 50 ಎಂದು ಊಹಿಸದೆ ಅದೇ ಕಿಟಕಿಯಿಂದ ಅಳೆಯಿರಿ. ನಮ್ಮ ರೆಕಾರ್ಡಿನಲ್ಲಿ ಗ್ರಿಡ್ 49.9 ಹರ್ಟ್ಸ್, ಕೆಳಗಿನ ಗೆರೆ 21.1. ಕಳೆದರೆ 28.8. ಬೇರೆ ಕಿಟಕಿಯಲ್ಲಿ ಗ್ರಿಡ್ 50.0, ಗೆರೆ 21.2. ಗ್ರಿಡ್ ಸರಿದಷ್ಟು ಗೆರೆಯೂ ಸರಿಯುತ್ತಿದೆ. ಲೈನಿನ ಇಂಡಕ್ಟೆನ್ಸ್, ಕೆಪಾಸಿಟೆನ್ಸ್‌ಗಳಿಗೆ ಗ್ರಿಡ್ ಎಲ್ಲಿ ಓಡುತ್ತಿದೆ ಎಂಬುದು ಗೊತ್ತಾಗುವುದಿಲ್ಲ, ಶಾಫ್ಟ್‌ಗೆ ಗೊತ್ತಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಪುರಾವೆ ಬ್ರೇಕರ್ ತೆರೆದ ನಂತರದ ಕೆಲವು ಸೆಕೆಂಡುಗಳಲ್ಲಿದೆ. ಅದನ್ನು ಬಹಳ ಜನ ನೋಡುವುದೇ ಇಲ್ಲ, ಟ್ರಿಪ್ ಆದ ಕ್ಷಣಕ್ಕೆ ರೆಕಾರ್ಡನ್ನು ಕತ್ತರಿಸಿಬಿಡುತ್ತಾರೆ. ಹೈವೋಲ್ಟೇಜ್ ಬ್ರೇಕರ್ ಮಾತ್ರ ತೆರೆದದ್ದರಿಂದ ಎಕ್ಸೈಟೇಷನ್ ಇನ್ನೂ ಇತ್ತು, ಜನರೇಟರ್ ತುದಿಯಲ್ಲಿ ವೋಲ್ಟೇಜ್ ಉಳಿದಿತ್ತು. ಲೋಡ್ ಹೋದ ಕೂಡಲೇ ವೇಗ ಏರಿ ಆವೃತ್ತಿ 51.2ಕ್ಕೆ ಮುಟ್ಟಿತು. ಆ ಹೊತ್ತಿನ ವೋಲ್ಟೇಜಿನಲ್ಲಿ ಕೆಳಗಿನ ಗೆರೆ 22.4 ಹರ್ಟ್ಸ್‌ನಲ್ಲಿತ್ತು. ಮತ್ತೆ ಕಳೆಯಿರಿ: 28.8. ಲೈನೇ ಇಲ್ಲ, ಕೆಪಾಸಿಟರ್ ಇಲ್ಲ, ಆದರೂ ಆ ಅಂತರ ಇದೆ. ಗೆರೆಯ ಎತ್ತರ ಏಳು ಸೆಕೆಂಡಿಗೊಮ್ಮೆ ಅರ್ಧವಾಗುತ್ತಾ ನಿಧಾನವಾಗಿ ಇಳಿಯಿತು. ಬೆಳೆಸುತ್ತಿದ್ದ ಲೈನು ಬಿಟ್ಟುಹೋದ ಮೇಲೆ ಉಕ್ಕು ತನ್ನ ಪಾಡಿಗೆ ತಾನು ಅಲುಗಾಡಿ ತಣ್ಣಗಾಗುತ್ತಿರುವುದು ಇದು. ತಯಾರಕರ ಹಾಳೆಯ ಅಂಕಿ, ಗ್ರಿಡ್‌ನಲ್ಲಿದ್ದಾಗಿನ ಅಂತರ, ಬೇರ್ಪಟ್ಟ ಮೇಲಿನ ಅಂತರ, ಮೂರೂ ಒಂದೇ. ಇಲ್ಲಿಗೆ ರೋಗದ ಹೆಸರು ನಿಶ್ಚಯವಾಯಿತು: ಶಾಫ್ಟ್‌ನೊಂದಿಗಿನ ಸಬ್‌ಸಿಂಕ್ರೊನಸ್ ಅನುರಣನ, ಎಸ್‌ಎಸ್‌ಆರ್.

## ತಪ್ಪು ಸಾಕ್ಷಿಗಳು

ಬೇರಿಂಗ್ ಕಂಪನ ಸಹಜವಾಗಿತ್ತು ಎಂಬ ವರದಿ ಖಂಡಿತ ಬರುತ್ತದೆ. ಅದು ನಿಜವೂ ಹೌದು. ಬೇರಿಂಗಿನ ಪ್ರೋಬ್ ನೋಡುವುದು ಶಾಫ್ಟ್ ಅಕ್ಕಪಕ್ಕಕ್ಕೆ ಸರಿಯುವುದನ್ನು. ತಿರುಚುವಿಕೆಯಲ್ಲಿ ಶಾಫ್ಟ್ ತನ್ನ ಜಾಗದಲ್ಲೇ ಇದ್ದು ಹಿಂಡಿಕೊಳ್ಳುತ್ತದೆ. ಅದನ್ನು ಕಾಣಲು ಹಲ್ಲಿನ ಚಕ್ರದ ವೇಗ ಸಂವೇದಕದ ಕಚ್ಚಾ ಸಂಕೇತ ಬೇಕು. ಅಲ್ಲೂ ಒಂದು ಮಿತಿ ಇದೆ. ಕೆಲವು ತಿರುಚು ಆವೃತ್ತಿಗಳಲ್ಲಿ ಸಂವೇದಕ ಇರುವ ಜಾಗವೇ ಅಲುಗದ ಬಿಂದುವಾಗಿರಬಹುದು. ಸಾಧ್ಯವಿದ್ದರೆ ಶಾಫ್ಟ್‌ನ ಎರಡು ತುದಿಗಳಲ್ಲೂ ನೋಡಬೇಕು.

ಕೆಪಾಸಿಟರ್ ಬ್ಯಾಂಕಿನ ರಕ್ಷಣೆ ಕೆಲಸ ಮಾಡಿಲ್ಲ ಎಂಬುದೂ ಸಮಾಧಾನವಲ್ಲ. ಬ್ಯಾಂಕಿನ ವೇರಿಸ್ಟರ್ ಮತ್ತು ಗ್ಯಾಪ್ ಇರುವುದು ಲೈನಿನ ಶಾರ್ಟ್ ಸರ್ಕ್ಯೂಟಿನ ದೊಡ್ಡ ವೋಲ್ಟೇಜಿಗೆ. 136 ಆಂಪಿಯರ್‌ಗೆ ಅವು ಕಣ್ಣು ಬಿಡುವುದಿಲ್ಲ.

ದೀಪ ಮಿಣುಕುವುದನ್ನು ನಮ್ಮ ಕಡೆ ಲಘುವಾಗಿ ತೆಗೆದುಕೊಳ್ಳುವ ರೂಢಿ ಇದೆ. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯ ದೊಡ್ಡ ಮಿಲ್ ಮೋಟಾರ್ ಚಾಲೂ ಆದರೆ ದೀಪ ಮಂಕಾಗುವುದನ್ನು ನೋಡಿಯೇ ಬೆಳೆದವರು ನಾವು. ಮೋಟಾರಿನದು ಒಮ್ಮೆ ಇಳಿದು ಚೇತರಿಸಿಕೊಳ್ಳುವ ಮಂಕು. ಬಿಡದೆ ನಡುಗುವ, ನಿಮಿಷ ಕಳೆದಂತೆ ಹೆಚ್ಚಾಗುವ ಮಿಣುಕು ಬೇರೆ ಜಾತಿಯದು. ಅಮೆರಿಕದ ನೆವಾಡಾದ ಮೊಹಾವಿ ಕೇಂದ್ರದಲ್ಲಿ 1970ರ ಡಿಸೆಂಬರ್‌ನಲ್ಲೂ, ಮತ್ತೆ 1971ರ ಅಕ್ಟೋಬರ್‌ನಲ್ಲೂ ಕಂಡದ್ದು ಇದೇ: ನಿಯಂತ್ರಣ ಕೊಠಡಿಯಲ್ಲಿ ದೀಪಗಳ ಮಿಣುಕು, ನೆಲದ ಕಂಪನ, ಆಮೇಲೆ ಎಕ್ಸೈಟೇಷನ್ ಕರೆಂಟಿನ ಮುಳ್ಳು ಅಳತೆಯ ತುದಿಗೆ. ಘಟಕ ಸರಣಿ ಕೆಪಾಸಿಟರ್ ಇರುವ 500 ಕೆವಿ ಲೈನಿಗೆ ಒಂಟಿಯಾಗಿ ಉಳಿದಿತ್ತು. ಜನರೇಟರ್ ಮತ್ತು ಎಕ್ಸೈಟರ್ ನಡುವೆ, ಸ್ಲಿಪ್ ರಿಂಗ್ ಇರುವ ಭಾಗದಲ್ಲಿ ಶಾಫ್ಟ್ ತಿರುಚಿಕೊಂಡು ಕಾದು ಹಾಳಾಗಿತ್ತು. ಅಲ್ಲಿಯ ತಿರುಚು ಆವೃತ್ತಿ ಸುಮಾರು 30 ಹರ್ಟ್ಸ್. ಮೊದಲ ಬಾರಿಗೆ ಕಾರಣ ಸರಿಯಾಗಿ ತಿಳಿಯದಿದ್ದರೆ ಅದೇ ಘಟನೆ ಎರಡನೆಯ ಬಾರಿಯೂ ಬರುತ್ತದೆ ಎಂಬುದಕ್ಕೆ ಆ ಎರಡು ದಿನಾಂಕಗಳೇ ಸಾಕು.

ಗಾಳಿಯಂತ್ರಗಳ ಕೇಂದ್ರ ಹೀಗೆ ಒಂಟಿಯಾದಾಗಲೂ 50ಕ್ಕಿಂತ ಕೆಳಗಿನ ಕರೆಂಟ್ ಬೆಳೆಯಬಹುದು. 2009ರಲ್ಲಿ ಟೆಕ್ಸಾಸ್‌ನಲ್ಲಿ ಆದದ್ದು ಅದೇ. ಅಲ್ಲಿ ತಪ್ಪಿತಸ್ಥ ಶಾಫ್ಟ್ ಅಲ್ಲ, ಕನ್ವರ್ಟರಿನ ನಿಯಂತ್ರಣ. ಕರೆಂಟ್ ಶಾಫ್ಟ್‌ನ ಯಾವ ಆವೃತ್ತಿಗೂ ಕೀಲಿಸಿಕೊಂಡಿರುವುದಿಲ್ಲ, ಬೆಳವಣಿಗೆಯೂ ಬಹಳ ವೇಗ. ಮೇಲಿನ ಕಳೆಯುವ ಪರೀಕ್ಷೆಯೇ ಅದನ್ನೂ ಬೇರ್ಪಡಿಸುತ್ತದೆ.

## ಆ ಹೊತ್ತಿನಲ್ಲಿ ಮಾಡಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ತೂಗಾಟ ಇನ್ನೂ ನಡೆಯುತ್ತಿರುವಾಗ ಫೋನ್ ಬಂದರೆ ಹೇಳಬೇಕಾದ ಮೊದಲ ಮಾತು: ಕೆಪಾಸಿಟರಿನ ಬೈಪಾಸ್ ಬ್ರೇಕರ್ ಹಾಕಿ. ಅದು ಹಾಕಿದೊಡನೆ ಲೈನಿನ ಅನುರಣನ ಇಲ್ಲವಾಗುತ್ತದೆ. ಕರೆಂಟಿನ ದೊಡ್ಡ ಭಾಗ ಒಮ್ಮೆಲೇ ಕುಸಿದು, ಶಾಫ್ಟ್‌ನ ಸಣ್ಣ ಬಾಲ ಮಾತ್ರ ಕೆಲವು ಸೆಕೆಂಡು ಉಳಿಯುತ್ತದೆ. ಆ ಕುಸಿತವೂ ಬಾಲವೂ ಸೇರಿ ರೋಗದ ಗುರುತನ್ನು ಅಲ್ಲಿಯೇ ಖಚಿತಪಡಿಸುತ್ತವೆ. ಬೈಪಾಸ್ ಮಾಡಿದರೆ ಲೈನಿನ ಸಾಗಣೆ ಸಾಮರ್ಥ್ಯ ಇಳಿಯುತ್ತದೆ, ನಿಜ. 260 ಮೆಗಾವಾಟಿಗೆ ಅದು ಸಾಕು. ಪೂರ್ಣ ಲೋಡಿನಲ್ಲಿದ್ದರೆ ಡೆಸ್ಪ್ಯಾಚ್‌ನವರ ಜೊತೆ ಲೋಡ್ ಇಳಿಸುವ ಮಾತನ್ನೂ ಒಟ್ಟಿಗೇ ಆಡಬೇಕು. ಬೈಪಾಸ್ ಆಗದಿದ್ದರೆ, ಅಥವಾ ಆದ ಮೇಲೂ ಇಳಿಯದಿದ್ದರೆ, ಘಟಕವನ್ನು ಬೇರ್ಪಡಿಸಿ. 28.8 ಹರ್ಟ್ಸ್ ಎಂದರೆ ನಿಮಿಷಕ್ಕೆ 1,728 ತಿರುಚುಗಳು. ಇನ್ನೊಂದು ನಿಮಿಷ ನೋಡೋಣ ಎನ್ನುವ ಮೊದಲು ಆ ಅಂಕಿ ನೆನಪಿರಲಿ.

ಬಿದ್ದ ಸರ್ಕ್ಯೂಟನ್ನು ಆ ಹೊತ್ತಿನಲ್ಲಿ ಮತ್ತೆ ಮತ್ತೆ ಹಾಕಿ ನೋಡಬಾರದು. ದೋಷ ಇನ್ನೂ ಇದ್ದ ಲೈನಿಗೆ ಬ್ರೇಕರ್ ಹಾಕಿ ತೆಗೆದಾಗ ಕೆಪಾಸಿಟರಿನಲ್ಲಿ ತುಂಬಿದ ಶಕ್ತಿ ಇದೇ ಕೆಳ ಆವೃತ್ತಿಯಲ್ಲಿ ಹೊರಬೀಳುತ್ತದೆ. ಆಗಲೇ ಅಲುಗುತ್ತಿರುವ ಶಾಫ್ಟ್‌ಗೆ ಅದು ಒಂದೇ ಏಟಿಗೆ ದೊಡ್ಡ ತಿರುಚು ಕೊಡಬಲ್ಲದು. ಈ ಬಗೆಯ ಹಾನಿಯಲ್ಲಿ ನಿಧಾನದ ಬೆಳವಣಿಗೆ ಕಾಣುವುದಿಲ್ಲ. ರೆಕಾರ್ಡಿನ ಮೊದಲ ಅರ್ಧ ಸೆಕೆಂಡಿನಲ್ಲೇ ಎಲ್ಲ ಆಗಿಹೋಗಿರುತ್ತದೆ. ಹಾಗಾಗಿ ದೋಷ ತೆರವಾದ ಕ್ಷಣಗಳ ರೆಕಾರ್ಡನ್ನೂ ಬೇರೆಯಾಗಿ ನೋಡಿ.

ಈಗ ಮೊದಲ ಪ್ರಶ್ನೆಗೆ. ಘಟಕವನ್ನು ಸೇರಿಸಬಹುದೇ? ಅದೇ ಜೋಡಣೆಗೆ, ಕೆಪಾಸಿಟರ್ ಚಾಲೂ ಇರುವಾಗ, ಕೂಡದು. ಕೆಪಾಸಿಟರ್ ಬೈಪಾಸ್ ಆಗಿದ್ದರೆ ಅಥವಾ ಗಿಡ್ಡ ಲೈನುಗಳಲ್ಲಿ ಒಂದಾದರೂ ಬಂದಿದ್ದರೆ ಲೈನಿನ ಕಡೆಯಿಂದ ಅಡ್ಡಿಯಿಲ್ಲ. ಗಿಡ್ಡ ಲೈನನ್ನು ನಂಬಿ ಕೆಪಾಸಿಟರನ್ನು ಹಾಗೆಯೇ ಇಡುವುದಾದರೆ ಆ ಜೋಡಣೆಯ ಲೆಕ್ಕ ಮೊದಲೇ ಆಗಿರಬೇಕು. ಯಂತ್ರದ ಕಡೆಯಿಂದ ಮಾತ್ರ ಉಪಕೇಂದ್ರದವರು ಒಪ್ಪಿಗೆ ಕೊಡುವಂತಿಲ್ಲ. 136 ಆಂಪಿಯರ್‌ಗೆ ಶಾಫ್ಟ್‌ನ ಪ್ರತಿ ಕತ್ತಿನಲ್ಲಿ ಎಷ್ಟು ಟಾರ್ಕ್ ಬಂತು, ಅದು ಉಕ್ಕಿನ ಆಯಾಸದ ಮಿತಿಯನ್ನು ದಾಟಿತೇ ಎಂಬುದನ್ನು ತಯಾರಕರ ಅಂಕಿಗಳಿಂದಲೇ ಲೆಕ್ಕ ಹಾಕಬೇಕು. ದಾಟಿದ್ದರೆ ಕಪ್ಲಿಂಗ್ ಬೋಲ್ಟುಗಳು, ಸ್ಲಿಪ್ ರಿಂಗ್ ಭಾಗ ಮತ್ತು ಅದರ ಇನ್ಸುಲೇಷನ್ ತೆರೆದು ನೋಡಬೇಕಾಗುತ್ತದೆ. ಆಯಾಸ ಕೂಡುತ್ತಾ ಹೋಗುವ ಖಾತೆ, ಈ ಸಲದ ಅಂಕಿಯನ್ನು ಘಟಕದ ಕಡತದಲ್ಲಿ ಬರೆದಿಡಬೇಕು.

ಶಾಶ್ವತ ಪರಿಹಾರಗಳು ಹಲವಿವೆ. ಕೆಪಾಸಿಟರಿನ ಒಂದು ಭಾಗವನ್ನು ಥೈರಿಸ್ಟರ್ ನಿಯಂತ್ರಣದ ಟಿಸಿಎಸ್‌ಸಿ ಮಾಡುವುದು ಒಂದು. ರಾಯ್ಪುರ–ರೂರ್ಕೆಲಾ 400 ಕೆವಿ ಲೈನಿನಲ್ಲಿ ಸ್ಥಿರ ಬ್ಯಾಂಕಿನ ಜೊತೆ ಅಂಥದ್ದಿದೆ. ಟ್ರಾನ್ಸ್‌ಫಾರ್ಮರ್ ಬಳಿ ತಡೆ ಫಿಲ್ಟರ್ ಇಡುವುದು, ಎಕ್ಸೈಟೇಷನ್ ಮೂಲಕ ತಿರುಚಿಗೆ ಡ್ಯಾಂಪಿಂಗ್ ಕೊಡುವುದು, ತಿರುಚು ಒತ್ತಡದ ರಿಲೇ ಹಾಕುವುದು, ಇವು ಬೇರೆ ದಾರಿಗಳು. ಎಲ್ಲಕ್ಕೂ ಹಣ ಮತ್ತು ಕಾಲ ಬೇಕು. ಅದಕ್ಕೆ ಮೊದಲು, ದುಡ್ಡಿಲ್ಲದೆ ಆಗುವ ಎರಡು ಕೆಲಸಗಳಿವೆ. ಗಿಡ್ಡ ಲೈನುಗಳಲ್ಲಿ ಒಂದನ್ನು ದುರಸ್ತಿಗೆ ಕೊಡುವ ದಿನ, ಎರಡನೆಯದು ಬೀಳುವ ತನಕ ಕಾಯದೆ, ಉದ್ದನೆಯ ಎರಡೂ ಸರ್ಕ್ಯೂಟ್‌ಗಳ ಕೆಪಾಸಿಟರ್‌ಗಳನ್ನು ಮುಂಚಿತವಾಗಿ ಬೈಪಾಸ್ ಮಾಡಬೇಕು ಎಂಬ ಸೂಚನೆಯನ್ನು ಕಾರ್ಯಾಚರಣೆಯ ಪುಸ್ತಕದಲ್ಲಿ ಬರೆಯಿಸುವುದು ಒಂದು. ಇನ್ನೊಂದು, ಡಿಸ್ಟರ್ಬೆನ್ಸ್ ರೆಕಾರ್ಡರಿನಲ್ಲಿ ಕರೆಂಟಿನ 15ರಿಂದ 35 ಹರ್ಟ್ಸ್ ಪಟ್ಟಿಗೆ ಬೇರೆ ಟ್ರಿಗರ್ ಇಟ್ಟು, ರೆಕಾರ್ಡಿನ ಉದ್ದವನ್ನು ಕನಿಷ್ಠ 30 ಸೆಕೆಂಡಿಗೆ ಏರಿಸುವುದು. ಈ ಪ್ರಕರಣದ ಯಂತ್ರಕ್ಕೆ ಆ ಪಟ್ಟಿ ಸರಿ: 50ರಿಂದ 15.6, 24.1, 28.8 ಕಳೆದರೆ ಬರುವ 34.4, 25.9, 21.2 ಮೂರೂ ಅದರೊಳಗೆ ಬೀಳುತ್ತವೆ. ಬೇರೆ ಘಟಕಕ್ಕೆ ಅದರದೇ ಹಾಳೆ ನೋಡಿ ಪಟ್ಟಿಯನ್ನು ಹೊಂದಿಸಬೇಕು.